ಅಡುಗೆಮನೇಲಿ ಒಂದೇ ಎಕ್ಸ್‌ಟೆನ್ಶನ್ ಬೋರ್ಡ್: ಎಷ್ಟು ಸಾಮಾನು ತಡೀತದೆ?

ಕೇಳಿದವರು, ಸರಸ್ವತಿಪುರಂ, ಮೈಸೂರು

ಹಳೇ ಬಾಡಿಗೆ ಮನೆ. ಅಡುಗೆಕಟ್ಟೆ ಹತ್ತಿರ ಇರೋದು ಒಂದೇ ಸಣ್ಣ ಪ್ಲಗ್ ಪಾಯಿಂಟ್. ಅದಕ್ಕೆ ನಾಲ್ಕು ಸಾಕೆಟ್ಟಿನ ಎಕ್ಸ್‌ಟೆನ್ಶನ್ ಬೋರ್ಡ್ ತಂದಿದ್ದೀನಿ. ಫ್ರಿಜ್, ನೀರಿನ ಫಿಲ್ಟರ್, ಮಿಕ್ಸಿ, ರೈಸ್ ಕುಕ್ಕರ್, ಕೆಟಲ್ ಇವೆ. ಒಟ್ಟಿಗೆ ಎಷ್ಟು ಹಾಕಬಹುದು? ಅನುಭವ ಇರೋರು ದಯವಿಟ್ಟು ಹೇಳಿ.

ಕುವೆಂಪುನಗರದ ನಿವೃತ್ತರು

ಸಾಕೆಟ್ ಎಷ್ಟಿದೆ ಅಂತ ಎಣಿಸಬೇಡಿ ಮೇಡಂ, ವ್ಯಾಟ್ ಕೂಡಿಸಿ. ಪ್ರತಿ ಸಾಮಾನಿನ ಹಿಂದೆ ಅಥವಾ ಅಡಿಯಲ್ಲಿ ಒಂದು ಚೀಟಿ ಇರುತ್ತೆ, ಅದರಲ್ಲಿ ವ್ಯಾಟ್ ಬರೆದಿರುತ್ತಾರೆ. ನನ್ನ ಬೋರ್ಡಿನ ಹಿಂದೆ 10 ಆಂಪಿಯರ್, 2500 ವ್ಯಾಟ್ ಅಂತಿದೆ. ಅಷ್ಟರೊಳಗೆ ಇದ್ದರೆ ಯೋಚನೆ ಇಲ್ಲ. ಅಕಸ್ಮಾತ್ ಜಾಸ್ತಿಯಾದರೂ ಎಂಸಿಬಿ ಬೀಳುತ್ತೆ, ಅದಕ್ಕೇ ತಾನೇ ಅದನ್ನ ಹಾಕಿರೋದು. ನಮ್ಮ ಮನೇಲಿ ವರ್ಷಗಳಿಂದ ಹೀಗೇ ನಡೀತಿದೆ.

ವಿಜಯನಗರದ ಪಿಜಿಯಲ್ಲಿರುವ ವಿದ್ಯಾರ್ಥಿನಿ

ಅಕ್ಕ, ಕೆಟಲ್ ಮಾತ್ರ ಬೋರ್ಡಿಗೆ ಹಾಕಬೇಡಿ. ನಮ್ಮ ಪಿಜಿಯಲ್ಲಿ ಪಕ್ಕದ ರೂಮಿನವಳ ಕೆಟಲ್ ಪ್ಲಗ್ ದಪ್ಪ ಪಿನ್ನಿಂದು. ಸಣ್ಣ ಸಾಕೆಟ್ಟಿಗೆ ಕೂರಲ್ಲ ಅಂತ ಕನ್ವರ್ಟರ್ ತಂದು ಬೋರ್ಡಿಗೆ ಸಿಕ್ಕಿಸಿದ್ದಳು. ಬೆಳಿಗ್ಗೆ ಎಲ್ಲರೂ ಅದರಲ್ಲೇ ಒಬ್ಬರಾದ ಮೇಲೊಬ್ಬರು ನೀರು ಕಾಯಿಸ್ತಿದ್ವಿ. ಒಂದಿನ ಮೀನಿನ ವಾಸನೆ ತರಹ ಬಂತು. ಯಾರೋ ಮೀನು ತಂದಿದ್ದಾರೆ ಅಂತಲೇ ಅಂದುಕೊಂಡ್ವಿ. ಆಮೇಲೆ ನೋಡಿದರೆ ಕನ್ವರ್ಟರ್ ಕಂದು ಬಣ್ಣಕ್ಕೆ ತಿರುಗಿ ಬೋರ್ಡಿನ ಪ್ಲಾಸ್ಟಿಕ್ಕಿಗೆ ಅಂಟಿಕೊಂಡಿತ್ತು. ಆಗ ಬೋರ್ಡಲ್ಲಿ ಇದ್ದಿದ್ದು ಕೆಟಲ್ ಒಂದೇ, ಬೇರೆ ಏನೂ ಇರಲಿಲ್ಲ. ಎಂಸಿಬಿನೂ ಬೀಳಲಿಲ್ಲ.

ಮಂಡ್ಯದ ವೈರಿಂಗ್ ಕೆಲಸದವರು

ಆ ಹುಡುಗಿ ಹೇಳಿದ ವಾಸನೆ ಸರಿಯಾಗೇ ಇದೆ. ಸಾಕೆಟ್ಟಿನ ಪ್ಲಾಸ್ಟಿಕ್ ಕಾದರೆ ಎಷ್ಟೋ ಸಲ ಮೀನು ವಾಸನೆ ಥರಾನೇ ಬತ್ತದೆ. ಮೀನು ತರದ ಮನೇಲಿ ಆ ವಾಸನೆ ಬಂದ್ರೆ ಮೊದಲು ಮೇನ್ ಆಫ್ ಮಾಡಿ, ಆಮೇಲೆ ಹುಡುಕಿ.

ಕುವೆಂಪುನಗರದ ಸಾರ್ ಹೇಳಿದ್ರಲ್ಲಿ ಅರ್ಧ ಒಪ್ತೀನಿ. ವ್ಯಾಟ್ ಕೂಡಿಸಬೇಕು, ಅದು ನಿಜ. ಆದರೆ ಯಾವುದರ ಮಿತಿಗೆ ಹೋಲಿಸಬೇಕು ಅನ್ನೋದು ಮುಖ್ಯ. ಬೋರ್ಡಿಗೆ ಕರೆಂಟ್ ಬರೋದು ಅದರ ಪ್ಲಗ್‌ನಿಂದ. ಆ ಪ್ಲಗ್ ಸಣ್ಣ ಪಿನ್ನಿಂದಾದರೆ ಅದು 6 ಆಂಪಿಯರ್‌ದು, ಅದು ಕೂರೋ ಗೋಡೆ ಸಾಕೆಟ್ಟೂ 6 ಆಂಪಿಯರ್‌ದೇ. ನಮ್ಮ ಕರೆಂಟ್ 230 ವೋಲ್ಟ್. 230 × 6 = 1380 ವ್ಯಾಟ್. ಬೋರ್ಡಲ್ಲಿ ನಾಲ್ಕು ಸಾಕೆಟ್ ಇರಲಿ ಹತ್ತಿರಲಿ, ಎಲ್ಲಾ ಸೇರಿ ಎಳೀಬೇಕಾದ್ದು ಇಷ್ಟೇ. ಗಂಟೆಗಟ್ಟಲೆ ಓಡೋ ಸಾಮಾನಿದ್ದರೆ ನಾನು 1100ಕ್ಕೇ ನಿಲ್ಲಿಸಿ ಅಂತೀನಿ, ಯಾಕಂದ್ರೆ ಹಳೇ ಮನೆ ಸಾಕೆಟ್ಟಿನೊಳಗೆ ಹಿತ್ತಾಳೆ ಪಟ್ಟಿ ಸಡಿಲ ಆಗಿರ್ತದೆ.

ಇನ್ನು ಎಂಸಿಬಿ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಎಂಸಿಬಿ ಕಾಯೋದು ಗೋಡೆಯೊಳಗಿನ ವೈರನ್ನ, ನಿಮ್ಮ ಬೋರ್ಡನ್ನಲ್ಲ. 16 ಆಂಪಿಯರ್ ಎಂಸಿಬಿ ಇದ್ದರೆ ಅದರ ಕಣ್ಣಿಗೆ 9 ಆಂಪಿಯರ್, 13 ಆಂಪಿಯರ್ ಎಲ್ಲ ಮಾಮೂಲಿ. 18 ಹರಿದರೂ ಬೀಳದೆ ಹಾಗೇ ನಿಂತಿರಬಹುದು. ಅಷ್ಟೊತ್ತಿಗೆ 6 ಆಂಪಿಯರ್ ಪ್ಲಗ್ಗಿನ ಕತೆ ಮುಗಿದಿರ್ತದೆ. ಪಿಜಿಯಲ್ಲಿ ಎಂಸಿಬಿ ಬೀಳದೇ ಇದ್ದದ್ದು ಅದಕ್ಕೇ.

ಅಕ್ಕ, ನಿಮ್ಮ ಸಾಮಾನಿನ ಚೀಟಿ ನೋಡಿ ವ್ಯಾಟ್ ಬರೀರಿ. ಬೋರ್ಡಿನ ವೈರಿನ ಮೇಲೂ ಅಚ್ಚು ಇರ್ತದೆ, ಅದನ್ನೂ ಓದಿ.

ಮದ್ದೂರು ಹತ್ತಿರದ ಹಳ್ಳಿಯವರು

ನಮ್ಮಲ್ಲೂ ಇದೇ ತೊಂದರೆ. ಸಂಜೆ ಪಂಪ್‌ಸೆಟ್‌ಗಳೆಲ್ಲ ಓಡೋ ಹೊತ್ತಿಗೆ ವೋಲ್ಟೇಜ್ 180ಕ್ಕೆ ಇಳೀತದೆ. ಫ್ರಿಜ್ ಗುಂಯ್ ಅಂತದೆ, ಸ್ಟಾರ್ಟ್ ಆಗಲ್ಲ, ಟಕ್ ಅಂತ ನಿಂತು ಮತ್ತೆ ಗುಂಯ್ ಅಂತದೆ. ದಪ್ಪ ವೈರಿನ ಬೋರ್ಡ್ ತಂದರೆ ಸರಿಹೋಗ್ತದಾ, ಇಲ್ಲ ಸ್ಟೆಬಿಲೈಸರ್ರೇ ಬೇಕಾ?

ಮಂಡ್ಯದ ವೈರಿಂಗ್ ಕೆಲಸದವರು

ಅಣ್ಣ, ನಿಮ್ಮದು ಬೋರ್ಡಿನ ವಿಚಾರ ಅಲ್ಲ. ಲೈನಲ್ಲೇ 180 ಇದ್ದರೆ ದಪ್ಪ ವೈರ್ ಏನೂ ಮಾಡಕಾಗಲ್ಲ, ಫ್ರಿಜ್ಜಿಗೆ ಸ್ಟೆಬಿಲೈಸರ್ ಹಾಕಿ, ಅದನ್ನ ನೇರ ಗೋಡೆ ಸಾಕೆಟ್ಟಿಗೆ ಕೊಡಿ. ಇಲ್ಲೊಂದು ವ್ಯತ್ಯಾಸ ತಿಳ್ಕೊಳಿ. ವೋಲ್ಟೇಜ್ ಇಳಿದಾಗ ರೈಸ್ ಕುಕ್ಕರ್, ಕೆಟಲ್ ಥರ ಕಾಯೋ ಸಾಮಾನು ಕರೆಂಟ್ ಕಮ್ಮಿ ಎಳೀತದೆ. 700 ವ್ಯಾಟಿನ ಕುಕ್ಕರ್ 180 ವೋಲ್ಟಲ್ಲಿ 430ರ ಹತ್ತಿರ ಬತ್ತದೆ, ಅನ್ನ ನಿಧಾನ ಆಯ್ತದೆ ಅಷ್ಟೆ. ಮೋಟರ್ ಇರೋದು ಹಂಗಲ್ಲ, ತಿರುಗಕ್ಕೆ ಹೆಣಗಾಡಿ ಜಾಸ್ತಿ ಎಳೀತದೆ. ಗುಂಯ್ ಅಂದು ಸ್ಟಾರ್ಟ್ ಆಗದೆ ನಿಂತಾಗಂತೂ ಓಡುವಾಗಿನ ಕರೆಂಟಿನ ಹಲವು ಪಟ್ಟು ಹೋಗ್ತಿರ್ತದೆ. ಹಂಗೇ ಬಿಟ್ಟರೆ ಕಂಪ್ರೆಸರ್ ಸುಟ್ಟೋಯ್ತದೆ.

ಕೇಳಿದವರು, ಸರಸ್ವತಿಪುರಂ

ಎಲ್ಲ ನೋಡಿದೆ ಅಣ್ಣ. ಫ್ರಿಜ್ 150, ಫಿಲ್ಟರ್ 60, ರೈಸ್ ಕುಕ್ಕರ್ 700, ಮಿಕ್ಸಿ 750, ಕೆಟಲ್ 1500. ಬೋರ್ಡ್ ಮೇಲೆ 10 ಆಂಪಿಯರ್ 250 ವೋಲ್ಟ್ ಅಂತಿದೆ, ಆದರೆ ಪ್ಲಗ್ ಸಣ್ಣ ಪಿನ್ನಿಂದೇ. ವೈರಿನ ಮೇಲೆ 0.75 ಚದರ ಮಿಲಿಮೀಟರ್ ಅಂತಿದೆ. ಮೀಟರ್ ಹತ್ತಿರ ಎಂಸಿಬಿ ಇಲ್ಲ, ಬಿಳೀ ಪಿಂಗಾಣಿ ಫ್ಯೂಸ್ ಇದೆ. ಕುಕ್ಕರ್ ಇಟ್ಟುಕೊಂಡೇ ಚಟ್ನಿ ರುಬ್ಬೋದು ನಮ್ಮ ಅಭ್ಯಾಸ.

ಮಂಡ್ಯದ ವೈರಿಂಗ್ ಕೆಲಸದವರು

ಸರಿ, ಲೆಕ್ಕ ಹಾಕೋಣ. ಫ್ರಿಜ್ ಮತ್ತು ಫಿಲ್ಟರ್ ಯಾವಾಗಲೂ ಇರೋವು, 210 ವ್ಯಾಟ್. ಅದಕ್ಕೆ ಕುಕ್ಕರ್ ಸೇರಿಸಿದರೆ 910, ಅಂದರೆ ಸುಮಾರು 4 ಆಂಪಿಯರ್. ತಡೀತದೆ. ಕುಕ್ಕರ್ ಬಿಟ್ಟು ಮಿಕ್ಸಿ ಹಾಕಿದರೆ 960, ಅದೂ ತಡೀತದೆ. ಎರಡೂ ಒಟ್ಟಿಗೆ ಅಂದರೆ 1660 ವ್ಯಾಟ್, 7 ಆಂಪಿಯರ್ ದಾಟ್ತದೆ. ಅದಕ್ಕೇ ಕುಕ್ಕರ್ ಕೀಪ್ ವಾರ್ಮ್‌ಗೆ ಬಿದ್ದ ಮೇಲೆ ಚಟ್ನಿ ರುಬ್ಬಿ. ಕೆಟಲ್ ಒಂದೇ 6.5 ಆಂಪಿಯರ್, ಅದಕ್ಕೆ ಆ ಬೋರ್ಡಲ್ಲಿ ಜಾಗವೇ ಇಲ್ಲ.

ಐದೂ ಒಂದೇ ಸಲ ಓಡಿದರೆ 3160 ವ್ಯಾಟ್, 13.7 ಆಂಪಿಯರ್. 16ರ ಎಂಸಿಬಿ ಇದ್ದಿದ್ದರೂ ಇದಕ್ಕೆ ಬೀಳ್ತಿರಲಿಲ್ಲ. ಬಿಸಿ ಏರೋದು ಕರೆಂಟ್ ಏರಿದಷ್ಟೇ ಅಲ್ಲ. 6ರ ಬದಲು 9 ಹರಿದರೆ ಕರೆಂಟ್ ಒಂದೂವರೆ ಪಟ್ಟು, ಆದರೆ ಪ್ಲಗ್ಗಲ್ಲಿ ಹುಟ್ಟೋ ಶಾಖ ಎರಡೂಕಾಲು ಪಟ್ಟು. 13.7ಕ್ಕೆ ಐದು ಪಟ್ಟು ದಾಟ್ತದೆ. ಪಿನ್ ಸಡಿಲ ಇದ್ದರೆ ಅದಕ್ಕೂ ಮೇಲೆ.

ಪಿಂಗಾಣಿ ಫ್ಯೂಸ್ ಅಂದ್ರಲ್ಲ, ಅದನ್ನ ಯಾರಾದರೂ ಗೊತ್ತಿರೋರ ಕೈಲಿ ಬಿಚ್ಚಿಸಿ ನೋಡಿಸಿ. ಪದೇ ಪದೇ ಹೋಯ್ತದೆ ಅಂತ ಹಿಂದಿದ್ದವರು ದಪ್ಪ ತಾಮ್ರದ ತಂತಿ ಕಟ್ಟಿರೋದು ಹಳೇ ಮನೆಗಳಲ್ಲಿ ಬಹಳ ನೋಡಿದೀನಿ. ಹಂಗಿದ್ದರೆ ನಿಮ್ಮ ಮನೇಲಿ ತಡೆಯೋದು ಏನೂ ಇಲ್ಲ ಅಂತಲೇ ಅರ್ಥ.

ಕುವೆಂಪುನಗರದ ನಿವೃತ್ತರು

ಎಂಸಿಬಿ ವಿಷಯ ನನಗೆ ಈಗ ತಿಳೀತು, ಒಪ್ಪಿದೆ. ಆದರೆ ಬೋರ್ಡಿಗೆ 10 ಆಂಪಿಯರ್ ಅಂತ ಕಂಪನಿಯವರೇ ಅಚ್ಚು ಹಾಕಿ, ಐಎಸ್ಐ ಗುರುತೂ ಇದ್ದ ಮೇಲೆ ಅದನ್ನ 6 ಅಂತ ಯಾಕೆ ತಿಳಿಯಬೇಕು? ಪರೀಕ್ಷೆ ಮಾಡದೇ ಬರೀತಾರೆಯೇ?

ಮಂಡ್ಯದ ವೈರಿಂಗ್ ಕೆಲಸದವರು

ಸಾರ್, ಬೋರ್ಡು ತಡೀಬೋದು, ನಾನು ಇಲ್ಲ ಅನ್ನಲ್ಲ. ಗೋಡೇಲಿರೋ ಸಾಕೆಟ್ ತಡೀಬೇಕಲ್ಲ? ಅದರ ಮೇಲೆ 6 ಅಂತಲೇ ಬರೆದಿರೋದು. ಸಾಲಾಗಿ ಕೂತಿರೋದ್ರಲ್ಲಿ ಯಾವುದು ಕಮ್ಮಿಯೋ ಅದೇ ಮಿತಿ. ಆ 2500 ಕೂಡ 250 ವೋಲ್ಟ್ ಇಟ್ಟು ಗುಣಿಸಿದ್ದು, ನಮ್ಮ 230ಕ್ಕೆ ಅದು 2300. ಐಎಸ್ಐ ಗುರುತು ಎಲ್ಲಿದೆ ಅಂತಲೂ ನೋಡಿ. ಬರೀ ವೈರಿನ ಮೇಲಿದ್ದರೆ ಅದು ವೈರಿಂದು, ಇಡೀ ಬೋರ್ಡಿಂದಲ್ಲ.

ಕುವೆಂಪುನಗರದ ನಿವೃತ್ತರು

ಗೋಡೆ ಸಾಕೆಟ್ ಹೊಸದಾಗಿ, ಬಿಗಿಯಾಗಿದ್ದರೆ 8 ಆಂಪಿಯರ್ ಸ್ವಲ್ಪ ಹೊತ್ತು ತಡೆಯುತ್ತೆ ಅಂತ ನಾನು ಈಗಲೂ ನಂಬ್ತೀನಿ. ನಮ್ಮನೇದು ತಡೆದಿದೆ.

ಶ್ರೀರಂಗಪಟ್ಟಣದ ಗೃಹಿಣಿ

ನನಗೆ ಲೆಕ್ಕ ಬರಲ್ಲ, ಕೈಯಲ್ಲಿ ಮುಟ್ಟಿ ನೋಡ್ತೀನಿ. ಬೋರ್ಡ್ ಬೆಚ್ಚಗಾದರೆ ಒಂದು ಸಾಮಾನು ತೆಗೀತೀನಿ. ಅದು ಸಾಕಲ್ಲವಾ? ಇನ್ನೊಂದು, ನಮ್ಮ ಬೋರ್ಡಿನ ವೈರ್ ಉದ್ದ ಇದೆ ಅಂತ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಫ್ರಿಜ್ ಹಿಂದೆ ಇಟ್ಟಿದ್ದೀವಿ.

ಮಂಡ್ಯದ ವೈರಿಂಗ್ ಕೆಲಸದವರು

ಮುಟ್ಟಿ ನೋಡೋದು ಒಳ್ಳೇದೇ ಅಕ್ಕ, ಆದರೆ ಎಲ್ಲಿ ಮುಟ್ಟಬೇಕು ಅನ್ನೋದು ಗೊತ್ತಿರಲಿ. ಅರ್ಧ ಗಂಟೆ ಓಡಿಸಿ, ಸ್ವಿಚ್ ಆಫ್ ಮಾಡಿ, ಗೋಡೆಯಿಂದ ಪ್ಲಗ್ ಕಿತ್ತು ಅದರ ಮೈ ಮುಟ್ಟಿ. ಪಿನ್ನಿಗೆ ಆಗಲೇ ಕೈ ಹಾಕಬೇಡಿ, ಸುಡ್ತದೆ. ಪ್ಲಗ್ ಮಾತ್ರ ಬಿಸಿ, ವೈರ್ ತಣ್ಣಗಿದೆ ಅಂದರೆ ಗೋಡೆ ಸಾಕೆಟ್ಟಿನ ಪಟ್ಟಿ ಸಡಿಲ, ಸಾಕೆಟ್ ಬದಲಾಯಿಸಬೇಕು. ವೈರ್ ಉದ್ದಕ್ಕೂ ಬೆಚ್ಚಗಿದೆ ಅಂದರೆ ವೈರ್ ಸಣ್ಣದು, ಹೊರೆ ಇಳಿಸಬೇಕು. ಪಿನ್ನಿನ ಬುಡದಲ್ಲಿ ಕಂದು ಕಲೆ ಕಂಡರೆ ಆ ಪ್ಲಗ್ಗೂ ಬೇಡ, ಸಾಕೆಟ್ಟೂ ಬೇಡ.

ಸುತ್ತಿಟ್ಟ ವೈರನ್ನ ಇವತ್ತೇ ಬಿಚ್ಚಿ. ಸುರುಳಿಯೊಳಗಿನ ಬಿಸಿ ಹೊರಗೆ ಹೋಗಕ್ಕೆ ದಾರಿ ಇರಲ್ಲ, ಅದರ ಮೇಲೆ ಫ್ರಿಜ್ ಹಿಂದೆ ಮೊದಲೇ ಶಾಖ. ನೇರವಾಗಿದ್ದಾಗ ತಡೆಯೋ ಹೊರೆ ಸುತ್ತಿದಾಗ ತಡೆಯಲ್ಲ.

ಕೇಳಿದವರು, ಸರಸ್ವತಿಪುರಂ

ಕೆಟಲ್ ಇವತ್ತೇ ತೆಗೆದಿಟ್ಟೆ. ಬಾತ್‌ರೂಮ್ ಹೊರಗೆ ಗೀಸರ್‌ಗೆ ಅಂತ ಒಂದು ದಪ್ಪ ಪಿನ್ನಿನ ಪಾಯಿಂಟ್ ಇದೆ, ಗೀಸರ್ ಹಾಕಿಸಿಲ್ಲ. ಕೆಟಲ್ ಅಲ್ಲಿ ಹಾಕಬಹುದಾ? ಅಡುಗೆಮನೆಗೆ ಬೇರೆ ಲೈನ್ ಎಳೆಸಿ ಅಂದರೆ ಓನರ್ ‘ನೀವೇ ಖರ್ಚು ಹಾಕಿಕೊಳ್ಳಿ’ ಅಂತಾರೆ.

ಮಂಡ್ಯದ ವೈರಿಂಗ್ ಕೆಲಸದವರು

ಹಾಕಬೋದು, ನೀರು ಸಿಡಿಯದ ಜಾಗ ಆಗಿರಬೇಕು, ಅರ್ಥಿಂಗ್ ಸರಿ ಇರಬೇಕು. ಹೊಸ ಲೈನ್ ಎಳೆಸಿದರೆ 2.5 ಚದರ ಮಿಲಿಮೀಟರ್ ತಾಮ್ರದ ವೈರ್, 16 ಆಂಪಿಯರ್ ಸಾಕೆಟ್, ಅದಕ್ಕೇ ಅಂತ ಒಂದು ಎಂಸಿಬಿ ಹಾಕಿಸಿ. ಗೋಡೆ ಕೊರೆಯೋದು ಬೇಡ ಅಂದರೆ ಕೇಸಿಂಗ್ ಪಟ್ಟಿಯಲ್ಲಿ ಎಳೀಬೋದು, ಖರ್ಚು ಇಳೀತದೆ.

ವಿಜಯನಗರದ ಪಿಜಿಯಲ್ಲಿರುವ ವಿದ್ಯಾರ್ಥಿನಿ

ಖರ್ಚು ನೀವೇ ಹಾಕಿಕೊಂಡರೂ ಅಡ್ವಾನ್ಸಲ್ಲಿ ಹಿಡಿದುಕೊಳ್ಳೋ ಹಾಗೆ ಬರೆಸಿಕೊಳ್ಳಿ ಅಕ್ಕ. ನನ್ನ ಅಣ್ಣ ಹಾಗೇ ಮಾಡಿದ್ದು.

ಕುವೆಂಪುನಗರದ ನಿವೃತ್ತರು

ವೈರಿಂಗ್ ಮನೆಗೇ ಉಳಿಯೋದು, ಅದು ಓನರ್ ಕೊಡಬೇಕಾದ ಖರ್ಚು. ನಾನೂ ಮನೆ ಬಾಡಿಗೆಗೆ ಕೊಟ್ಟಿರೋನೇ, ನಾನಾದರೆ ಕೊಡ್ತಿದ್ದೆ. ಮೊದಲು ಆ ಪಿಂಗಾಣಿ ಫ್ಯೂಸ್ ತೋರಿಸಿ ಮಾತಾಡಿ.