ಎಥೈಲ್ ಅಸಿಟೇಟ್ ಪದರ ಒಣಗಿಸಲು ಯಾವ ಉಪ್ಪು? ಒಣಗಿದೆ ಅಂತ ಹೇಗೆ ಗೊತ್ತಾಗುತ್ತದೆ?

ಎಂಎಸ್ಸಿ ವಿದ್ಯಾರ್ಥಿನಿ, ಕಲಬುರಗಿ: ಅಸಿಟೋಫಿನೋನ್‌ಗೆ ಮೆಥನಾಲ್‌ನಲ್ಲಿ ಸೋಡಿಯಂ ಬೊರೊಹೈಡ್ರೈಡ್ ಹಾಕಿ ರಿಡಕ್ಷನ್ ಮಾಡಿದೆ. ನೀರು ಸುರಿದು, 50 ಎಂಎಲ್ ಎಥೈಲ್ ಅಸಿಟೇಟ್‌ನಲ್ಲಿ ಎಕ್ಸ್‌ಟ್ರಾಕ್ಟ್ ಮಾಡಿ, ಸೋಡಿಯಂ ಸಲ್ಫೇಟ್ ಹಾಕಿದೆ. ಎಷ್ಟು ಹಾಕಿದರೂ ಗಂಟು ಕಟ್ಟುತ್ತದೆ. ದ್ರಾವಣ ತಿಳಿಯಾಗಿಯೇ ಇದೆ. ಆದರೆ ರೋಟಾವೇಪರ್ ಆದ ಮೇಲೆ ಎಣ್ಣೆ ಮಬ್ಬು, ಇಳುವರಿ ಶೇ. 100 ದಾಟಿದೆ! ಬೇರೆ ಉಪ್ಪು ಹಾಕಬೇಕಾ? ನಮ್ಮ ಲ್ಯಾಬ್‌ನಲ್ಲಿ ಎಸಿ ಇಲ್ಲ, ಈಗ 38 ಡಿಗ್ರಿ.

ಬಿಎಸ್ಸಿ ಮುಗಿಸಿದವರು, ದಾವಣಗೆರೆ: ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ. ಅಗ್ಗ, ನೀರು ಚೆನ್ನಾಗಿ ಎಳೆಯುತ್ತದೆ. ದ್ರಾವಣ ತಿಳಿಯಾದರೆ ಒಣಗಿತು ಅಂತಲೇ ಅರ್ಥ, ಅಲ್ವಾ?

ಪ್ರೊಸೆಸ್ ಕೆಮಿಸ್ಟ್, ಬೆಂಗಳೂರು: ನೀರು ಎಳೆಯುವುದು ನಿಜ, ಆದರೆ ಇಲ್ಲಿ ಅದು ಬೇಡ. ಅವರಿಗೆ ಸಿಗುವುದು ಆಲ್ಕೊಹಾಲ್. ಕ್ಯಾಲ್ಸಿಯಂ ಕ್ಲೋರೈಡ್ ಆಲ್ಕೊಹಾಲ್‌ಗೂ ಅಮೀನ್‌ಗೂ ಅಂಟಿಕೊಳ್ಳುತ್ತದೆ. ಸರಕೂ ಅದರ ಜೊತೆಗೇ ಹೋಗುತ್ತದೆ. ಈಥರ್, ಹೈಡ್ರೊಕಾರ್ಬನ್‌ಗಳಿಗೆ ಬಳಸಬಹುದು.

ತಿಳಿಯಾಗಿದ್ದರೆ ಒಣಗಿದೆ ಅನ್ನುವುದೂ ಅರ್ಧ ಸತ್ಯ. ಮಬ್ಬು ಇದ್ದರೆ ನೀರಿನ ಸಣ್ಣ ಹನಿಗಳಿವೆ ಅಂತ ಖಾತ್ರಿ. ಆದರೆ ಕರಗಿ ಕೂತ ನೀರು ಕಣ್ಣಿಗೆ ಕಾಣುವುದಿಲ್ಲ. ಎಥೈಲ್ ಅಸಿಟೇಟ್ ತನ್ನೊಳಗೆ ಸುಮಾರು ಶೇ. 3ರಷ್ಟು ನೀರು ಕರಗಿಸಿಕೊಂಡೇ ತಿಳಿಯಾಗಿರುತ್ತದೆ. ನಿಮ್ಮ 50 ಎಂಎಲ್‌ನಲ್ಲಿ ಅದು ಹೆಚ್ಚೆಂದರೆ ಒಂದೂವರೆ ಗ್ರಾಂ. ಲೆಕ್ಕದ ಪ್ರಕಾರ ಒಂದು ಗ್ರಾಂ ಸೋಡಿಯಂ ಸಲ್ಫೇಟ್ ಅದಕ್ಕಿಂತ ಸ್ವಲ್ಪ ಜಾಸ್ತಿ ನೀರನ್ನೇ ಹಿಡಿಯಬಲ್ಲದು. ಧಾರಾಳವಾಗಿ ಐದು ಗ್ರಾಂ ಹಾಕಿದರೂ ಗಂಟು ಕಟ್ಟುತ್ತಿದ್ದರೆ ಉಪ್ಪು ಸುರಿಯುವುದು ನಿಲ್ಲಿಸಿ, ನೀರು ಎಲ್ಲಿಂದ ಬರುತ್ತಿದೆ ಅಂತ ನೋಡಿ.

ನನಗೆ ಅನುಮಾನ ಇರುವುದು ಮೆಥನಾಲ್ ಮೇಲೆ. ನೀರು ಸುರಿಯುವ ಮೊದಲು ಅದನ್ನು ಹಾರಿಸಿದ್ದಿರಾ? ಇಲ್ಲದಿದ್ದರೆ ಅದು ಮೇಲಿನ ಪದರಕ್ಕೂ ಹೋಗುತ್ತದೆ, ಜೊತೆಗೆ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಪದರವನ್ನು ಬ್ರೈನ್‌ನಲ್ಲಿ, ಅಂದರೆ ಉಪ್ಪುನೀರಿನಲ್ಲಿ, ತೊಳೆದಿದ್ದಿರಾ?

ವಿದ್ಯಾರ್ಥಿನಿ: ಎರಡೂ ಮಾಡಿಲ್ಲ ಸರ್.

ಪ್ರೊಸೆಸ್ ಕೆಮಿಸ್ಟ್: ಹಾಗಾದರೆ ಮೊದಲು ಅಲ್ಲಿ ಸರಿಮಾಡಿ. ಬೊರೊಹೈಡ್ರೈಡನ್ನು ಪೂರ್ತಿ ಕ್ವೆಂಚ್ ಮಾಡಿ, ಮೆಥನಾಲ್‌ನ ಬಹುಪಾಲು ಹಾರಿಸಿ, ಆಮೇಲೆ ಎಕ್ಸ್‌ಟ್ರಾಕ್ಟ್ ಮಾಡಿ. ಪದರವನ್ನು ಒಮ್ಮೆ ನೀರಿನಲ್ಲಿ, ಕೊನೆಗೆ ಸ್ಯಾಚುರೇಟೆಡ್ ಬ್ರೈನ್‌ನಲ್ಲಿ ತೊಳೆಯಿರಿ. ಫನೆಲ್ ಹತ್ತು ನಿಮಿಷ ನಿಲ್ಲಲಿ, ಗೋಡೆಗೆ ಅಂಟಿದ ಹನಿಗಳು ಇಳಿಯಲಿ. ನೀರಿನ ದೊಡ್ಡ ಪಾಲು ಹೋಗುವುದು ಅಲ್ಲೇ. ಉಪ್ಪಿನ ಕೆಲಸ ಅಳಿದುಳಿದದ್ದಕ್ಕೆ ಮಾತ್ರ.

ಎರಡನೆಯದು ನಿಮ್ಮ ಸೆಕೆ. ಸೋಡಿಯಂ ಸಲ್ಫೇಟ್ ಹತ್ತು ನೀರಿನ ಹರಳಾಗಿ ನೀರನ್ನು ಹಿಡಿಯುತ್ತದೆ. ಸುಮಾರು 32 ಡಿಗ್ರಿ ದಾಟಿದರೆ ಆ ಹರಳು ಉಳಿಯುವುದಿಲ್ಲ, ನೀರು ಬಿಟ್ಟುಕೊಡುತ್ತದೆ. 38 ಡಿಗ್ರಿಯಲ್ಲಿ ಸುಮ್ನೆ ಕಾಯುತ್ತಾ ಕೂತರೆ ಪ್ರಯೋಜನವಿಲ್ಲ. ಫ್ಲಾಸ್ಕನ್ನು ಐಸ್ ನೀರಿನಲ್ಲಿಡಿ, ಇಲ್ಲವೇ ಮೆಗ್ನೀಸಿಯಂ ಸಲ್ಫೇಟ್ ಹಾಕಿ. ಅದು ಬೇಗ ಒಣಗಿಸುತ್ತದೆ, ಹೆಚ್ಚು ಚೆನ್ನಾಗಿಯೂ ಒಣಗಿಸುತ್ತದೆ.

ಕಾಲೇಜು ಉಪನ್ಯಾಸಕಿ, ಧಾರವಾಡ: ಮೆಗ್ನೀಸಿಯಂ ಸಲ್ಫೇಟ್‌ಗೆ ಸ್ವಲ್ಪ ಆಮ್ಲಗುಣ ಇದೆ. ಅಸಿಟಾಲ್, ಎಪಾಕ್ಸೈಡ್ ಇದ್ದರೆ ನಾನು ಅದನ್ನು ಮುಟ್ಟುವುದಿಲ್ಲ. ಬೆಂಜೈಲಿಕ್ ಆಲ್ಕೊಹಾಲ್‌ಗೂ ಕೊಡಲು ಮನಸ್ಸು ಬರುವುದಿಲ್ಲ. ಅಮೀನ್ ಆಗಿದ್ದರೆ ಪೊಟ್ಯಾಸಿಯಂ ಕಾರ್ಬೊನೇಟ್ ಅನ್ನುತ್ತಿದ್ದೆ.

ಪ್ರೊಸೆಸ್ ಕೆಮಿಸ್ಟ್: ಐದು ನಿಮಿಷಕ್ಕೆ ಈ ಆಲ್ಕೊಹಾಲ್‌ಗೆ ಏನೂ ಆಗುವುದಿಲ್ಲ ಮೇಡಂ. ರಾತ್ರಿಯಿಡೀ ಬಿಡಬಾರದು ಅಂದರೆ ಒಪ್ಪುತ್ತೇನೆ.

ಉಪನ್ಯಾಸಕಿ: ನಾನು ಐಸ್ ನೀರಿನ ಪರ.

ದವನ ಬೆಳೆಯುವವರು: ನಾವು ದವನದ ಎಣ್ಣೆ ಭಟ್ಟಿ ಇಳಿಸುತ್ತೇವೆ, ಅದಕ್ಕೂ ಸೋಡಿಯಂ ಸಲ್ಫೇಟೇ. ನೀರು ಬೇರ್ಪಡಿಸಿದ ಮೇಲೆ ಹಾಕಿ, ಮುಚ್ಚಿಟ್ಟು, ಮರುದಿನ ಸೋಸುತ್ತೇವೆ. ನಿಮ್ಮ ಎಣ್ಣೆಯನ್ನೂ ಒಂದು ರಾತ್ರಿ ಬಿಡಿ.

ಉಪನ್ಯಾಸಕಿ: ಅಣ್ಣಾ, ನಿಮ್ಮದು ಸಾಲ್ವೆಂಟ್ ಇಲ್ಲದ ಎಣ್ಣೆ. ಇವರದು ಸಾಲ್ವೆಂಟ್‌ನಲ್ಲಿ ಕರಗಿದ ಸರಕು, ವಿಷಯ ಬೇರೆ.

ವಿದ್ಯಾರ್ಥಿನಿ: ಒಣಗಿದೆ ಅಂತ ಯಾವಾಗ ಹೇಳಲಿ?

ಪ್ರೊಸೆಸ್ ಕೆಮಿಸ್ಟ್: ಫ್ಲಾಸ್ಕನ್ನು ಮೆಲ್ಲಗೆ ಸುತ್ತಿಸಿ. ಹೊಸದಾಗಿ ಹಾಕಿದ ಉಪ್ಪು ತಳಕ್ಕೆ ಅಂಟದೆ, ಒಣ ರವೆಯ ಹಾಗೆ ಬಿಡಿಬಿಡಿಯಾಗಿ ಎದ್ದು ತೇಲಬೇಕು. ಅನುಮಾನವಿದ್ದರೆ ದ್ರಾವಣವನ್ನು ಬೇರೊಂದು ಒಣ ಫ್ಲಾಸ್ಕಿಗೆ ಬಗ್ಗಿಸಿ, ಒಂದು ಚಿಟಿಕೆ ಹೊಸ ಉಪ್ಪು ಹಾಕಿ ನೋಡಿ. ಅದೂ ಬಿಡಿಯಾಗಿ ಉಳಿದರೆ ಸಾಕು. ಹಳೆಯ ಉಪ್ಪನ್ನು ಸ್ವಲ್ಪ ಎಥೈಲ್ ಅಸಿಟೇಟ್‌ನಲ್ಲಿ ತೊಳೆದು ಸೇರಿಸಿ, ಅದರ ಮೇಲೆ ಸರಕು ಉಳಿದಿರುತ್ತದೆ.

ಇದು ಸಾಲ್ವೆಂಟ್ ಹಾರಿಸುವ ಮಟ್ಟದ ಒಣಗು, ಅಷ್ಟೇ. ಉಳಿದ ಚೂರುಪಾರು ನೀರು ಎಥೈಲ್ ಅಸಿಟೇಟ್ ಜೊತೆಗೇ ಆವಿಯಾಗಿ ಹೋಗುತ್ತದೆ. ಮುಂದಿನ ಹೆಜ್ಜೆಗೆ ಸೋಡಿಯಂ ಹೈಡ್ರೈಡ್ ಥರದ್ದು ಹಾಕುವುದಿದ್ದರೆ ಇದು ಸಾಲದು. ಆಗ ಟಾಲ್ಯೂಯಿನ್ ಸೇರಿಸಿ ಎರಡು ಸಲ ಹಾರಿಸಿ. ಅಂಕಿಯೇ ಬೇಕೆಂದರೆ ಕಾರ್ಲ್ ಫಿಷರ್ ಟೈಟ್ರೇಷನ್ ಮಾಡಿಸಬೇಕು.

ಇನ್ನೊಂದು. ಇಳುವರಿ ಜಾಸ್ತಿಯಾಗಿದ್ದಕ್ಕೆ ನೀರನ್ನು ಮಾತ್ರ ದೂರಬೇಡಿ. ಕ್ಲೋರೊಫಾರ್ಮ್-ಡಿ ಎನ್‌ಎಂಆರ್‌ನಲ್ಲಿ 2.05 ಮತ್ತು 4.12ರಲ್ಲಿ ಪೀಕ್ ಇದ್ದರೆ ಅದು ಉಳಿದ ಎಥೈಲ್ ಅಸಿಟೇಟ್. ನೀರು ಬರುವುದು 1.56ರ ಹತ್ತಿರ.

ವಿದ್ಯಾರ್ಥಿನಿ: ಎರಡೂ ಇವೆ ಸರ್. 2.05ರದ್ದೇ ದೊಡ್ಡದು.