ಮಾರ್ಚ್ 30ರ ರಸೀದಿ, ಏಪ್ರಿಲ್ 2ರ ಬ್ಯಾಂಕ್ ನಮೂದು: ಯಾವ ವರ್ಷದ ಖರ್ಚು?

ಪ್ರಶ್ನೆ: ನಮ್ಮ ಸಂಸ್ಥೆಯ ಲೆಕ್ಕ ಮಾರ್ಚ್ 31ಕ್ಕೆ ಮುಗಿಯುತ್ತದೆ. ಕಾರ್ಡಿನಲ್ಲಿ ಕೊಂಡ ಸಾಮಗ್ರಿಯ ರಸೀದಿಯಲ್ಲಿ ಮಾರ್ಚ್ 30 ಎಂದಿದೆ, ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಏಪ್ರಿಲ್ 2 ಎಂದಿದೆ. ಇನ್ನೊಂದು ರಸೀದಿಯಲ್ಲಿ ಬರೀ 03/04 ಎಂದು ಅಚ್ಚಾಗಿದೆ. ಇವೆರಡನ್ನೂ ಯಾವ ವರ್ಷಕ್ಕೆ ಹಾಕಬೇಕು?

ಒಬ್ಬ ಸದಸ್ಯರು: ಬ್ಯಾಂಕ್ ತೋರಿಸಿದ ದಿನಾಂಕವನ್ನೇ ಹಿಡಿಯಿರಿ. ಸ್ಟೇಟ್‌ಮೆಂಟಿಗೂ ಪುಸ್ತಕಕ್ಕೂ ತಾಳೆಯಾದರೆ ತಕರಾರೇ ಇರುವುದಿಲ್ಲ. ನಾನು ಹಲವು ವರ್ಷಗಳಿಂದ ಹೀಗೆಯೇ ಮಾಡುತ್ತಿದ್ದೇನೆ.

ಲೆಕ್ಕಪರಿಶೋಧಕಿ: ತಾಳೆಯಾಗಬೇಕೆಂಬ ಮಾತು ಸರಿ, ಆದರೆ ತಾಳೆಗಾಗಿ ಖರ್ಚನ್ನೇ ಮುಂದಿನ ವರ್ಷಕ್ಕೆ ತಳ್ಳುವುದು ಸರಿಯಲ್ಲ. ಬಾಕಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಪದ್ಧತಿ ನಿಮ್ಮದಾಗಿದ್ದರೆ, ಸಾಮಗ್ರಿ ಕೈಸೇರಿದ ಅಥವಾ ಸೇವೆ ದೊರೆತ ದಿನವೇ ಖರ್ಚಿನ ವರ್ಷವನ್ನು ನಿರ್ಧರಿಸುತ್ತದೆ. ಅಂಗಡಿಯಲ್ಲೇ ಕೊಂಡು ತಂದ ವಸ್ತುವಿಗೆ ರಸೀದಿಯ ಮೇಲಿನ ದಿನಾಂಕವೇ ಆ ದಿನಕ್ಕೆ ಸಾಕ್ಷಿ. ಬ್ಯಾಂಕಿನ ದಿನಾಂಕ ಹಣ ಯಾವಾಗ ಸಂದಾಯವಾಯಿತೆಂದು ಹೇಳುತ್ತದೆಯೇ ಹೊರತು ವಸ್ತು ಯಾವಾಗ ಬಂದಿತೆಂದು ಹೇಳುವುದಿಲ್ಲ.

ಹಾಗಾಗಿ ನಿಮ್ಮ ಮೊದಲ ರಸೀದಿ ಹಳೆಯ ವರ್ಷದ್ದು. ಮಾರ್ಚ್ 30ರಂದು ಖರ್ಚಿನ ಖಾತೆಗೆ ಡೆಬಿಟ್ ಮಾಡಿ, ಕಾರ್ಡ್ ಬಾಕಿ ಖಾತೆಗೆ ಕ್ರೆಡಿಟ್ ಮಾಡಿ. ಏಪ್ರಿಲ್ 2ರ ಸಾಲು ಬಂದಾಗ ಅದನ್ನು ಈ ನಮೂದಿಗೆ ಹೊಂದಿಸಬೇಕೇ ವಿನಾ ಹೊಸ ಖರ್ಚೆಂದು ಬರೆಯಬಾರದು. ಅತಿ ಹೆಚ್ಚು ತಪ್ಪು ಆಗುವುದು ಇಲ್ಲಿಯೇ: ಒಬ್ಬರು ರಸೀದಿ ನೋಡಿ ಮಾರ್ಚ್‌ನಲ್ಲಿ ಬರೆಯುತ್ತಾರೆ, ಮತ್ತೊಬ್ಬರು ಸ್ಟೇಟ್‌ಮೆಂಟ್ ನೋಡಿ ಏಪ್ರಿಲ್‌ನಲ್ಲಿ ಬರೆಯುತ್ತಾರೆ, ಒಂದೇ ಖರ್ಚು ಎರಡು ವರ್ಷಗಳಲ್ಲೂ ಕಾಣಿಸುತ್ತದೆ. ಒಂದೇ ಮೊತ್ತ ಎರಡು ಮೂರು ದಿನಗಳ ಅಂತರದಲ್ಲಿ ಎರಡು ಸಲ ಬಂದಿದ್ದರೆ, ಅಥವಾ ಬಿಲ್ಲು ತೀರಿದ ಮೇಲೂ ಕಾರ್ಡ್ ಬಾಕಿ ಖಾತೆಯಲ್ಲಿ ಅಷ್ಟೇ ಮೊತ್ತ ಉಳಿದಿದ್ದರೆ, ಇದೇ ಆಗಿದೆಯೆಂದು ಅನುಮಾನಿಸಿ.

ನಿಮ್ಮ ತಂತ್ರಾಂಶದಲ್ಲೂ ‘ಪೋಸ್ಟಿಂಗ್ ದಿನಾಂಕ’ ಎಂಬ ಜಾಗವಿರಬಹುದು, ಅದು ಬ್ಯಾಂಕಿನದಲ್ಲ. ನಮೂದು ಯಾವ ಅವಧಿಗೆ ಸೇರುತ್ತದೆಂದು ಸಾಮಾನ್ಯವಾಗಿ ಅದೇ ತೀರ್ಮಾನಿಸುತ್ತದೆ, ಮತ್ತು ಅನೇಕ ತಂತ್ರಾಂಶಗಳು ಅಲ್ಲಿ ತಾವಾಗಿಯೇ ಇಂದಿನ ದಿನಾಂಕ ತುಂಬುತ್ತವೆ. ಏಪ್ರಿಲ್‌ನಲ್ಲಿ ಕುಳಿತು ಮಾರ್ಚ್ ರಸೀದಿಗಳನ್ನು ಏರಿಸುವಾಗ ಅದನ್ನು ಕೈಯಿಂದಲೇ ಬದಲಾಯಿಸಬೇಕು.

ಇನ್ನು 03/04. ಅದು ಏಪ್ರಿಲ್ 3 ಆಗಿರಬಹುದು, ಮಾರ್ಚ್ 4 ಕೂಡ ಆಗಿರಬಹುದು. ಬ್ಯಾಂಕಿನ ದಿನಾಂಕ ನಿಜವಾಗಿ ನೆರವಾಗುವುದು ಇಂಥಲ್ಲಿ: ಮಾರ್ಚ್ 6ಕ್ಕೆ ಸಂದಾಯವಾಗಿದ್ದರೆ ಖರೀದಿ ಏಪ್ರಿಲ್‌ನದಾಗಿರಲಾರದು, ಏಪ್ರಿಲ್ 5ಕ್ಕೆ ಆಗಿದ್ದರೆ ಏಪ್ರಿಲ್ 3 ಎಂದು ಓದುವುದೇ ಸಹಜ. ಜೊತೆಗೆ ಅದೇ ಅಂಗಡಿಯ ಬೇರೆ ರಸೀದಿಗಳನ್ನು ತೆಗೆದು ನೋಡಿ. ಒಂದರಲ್ಲಿ 27/03 ಎಂದಿದ್ದರೆ ಆ ಯಂತ್ರ ದಿನವನ್ನು ಮೊದಲು ಅಚ್ಚು ಮಾಡುತ್ತದೆಂದು ಖಚಿತವಾಯಿತು, ಏಕೆಂದರೆ 27ನೇ ತಿಂಗಳು ಇಲ್ಲವಲ್ಲ.

ಮತ್ತೊಬ್ಬ ಸದಸ್ಯರು: ನಮ್ಮದೊಂದು ಸಂಘ. ಸದಸ್ಯರೊಬ್ಬರು ಮಾರ್ಚ್ 31ರಂದು ಚಂದಾ ಚೆಕ್ ಕೊಟ್ಟರು, ನಾವು ಅಂದೇ ರಸೀದಿ ಕೊಟ್ಟೆವು, ಹಣ ಜಮೆಯಾದದ್ದು ಏಪ್ರಿಲ್ 4ಕ್ಕೆ. ನಮಗೂ ಇದೇ ಉತ್ತರವೇ?

ಲೆಕ್ಕಪರಿಶೋಧಕಿ: ಇಲ್ಲಿ ಕೇಳಿರುವುದು ಖರ್ಚಿನ ರಸೀದಿ, ತಮ್ಮದು ಬರುವ ಹಣದ ರಸೀದಿ. ಚಂದಾ ಯಾವ ಅವಧಿಯದು ಎಂಬುದನ್ನು ಮೊದಲು ನೋಡಬೇಕು. ಏಪ್ರಿಲ್‌ನಿಂದ ಶುರುವಾಗುವ ಸದಸ್ಯತ್ವದ್ದಾದರೆ ಚೆಕ್ ಮಾರ್ಚ್‌ನಲ್ಲೇ ಬಂದಿದ್ದರೂ ಅದು ಮುಂಗಡ. ನಗದು ಪದ್ಧತಿಯ ಲೆಕ್ಕವಾಗಿದ್ದರೆ ಚೆಕ್ ಕೈಸೇರಿದ ದಿನವೋ ಜಮೆಯಾದ ದಿನವೋ ಎಂಬುದು ನಿಮಗೆ ಅನ್ವಯಿಸುವ ನಿಯಮದ ಮೇಲೆ ನಿಂತಿದೆ. ಅದನ್ನು ನೋಡದೆ ನಾನು ಹೇಳಲಾರೆ.

ಪ್ರಶ್ನೆ ಕೇಳಿದವರು: ಧನ್ಯವಾದಗಳು ಮೇಡಂ. 27/03ರ ರಸೀದಿ ನಿಜಕ್ಕೂ ಸಿಕ್ಕಿತು, ಬ್ಯಾಂಕಿನಲ್ಲೂ ಏಪ್ರಿಲ್ 5 ಎಂದೇ ಇದೆ, ಆದ್ದರಿಂದ ಎರಡನೆಯದನ್ನು ಹೊಸ ವರ್ಷಕ್ಕೆ ಹಾಕಿದೆ. ಆದರೆ ಮೂರನೆಯದೊಂದು ಕಾಣಿಸಿದೆ: ಬ್ಯಾಂಕಿನಲ್ಲಿ ಮಾರ್ಚ್ 29, ರಸೀದಿಯಲ್ಲಿ ಏಪ್ರಿಲ್ 6. ಹಣ ಹೋದ ಮೇಲೆ ಖರೀದಿಯೇ?

ಲೆಕ್ಕಪರಿಶೋಧಕಿ: ಅದು ಎರಡರಲ್ಲಿ ಒಂದಾಗಿರಬೇಕು. ರಸೀದಿ ಕಳೆದು ಮತ್ತೆ ಕೇಳಿ ಪಡೆದದ್ದಾದರೆ ಮೇಲಿರುವುದು ಮರುಮುದ್ರಣದ ದಿನಾಂಕ. ಆಗ ಎಲ್ಲಾದರೂ ‘ನಕಲು’ ಎಂದು ಇರುತ್ತದೆಯೇ, ಕ್ರಮಸಂಖ್ಯೆ ಮಾರ್ಚ್ ಕೊನೆಯ ರಸೀದಿಗಳ ಸಾಲಿಗೆ ಬರುತ್ತದೆಯೇ ಎಂದು ನೋಡಿ. ಇಲ್ಲವಾದರೆ ಹಣವನ್ನು ಮುಂಗಡವಾಗಿ ಕೊಟ್ಟು ವಸ್ತು ತಡವಾಗಿ ತರಿಸಿಕೊಂಡಿರಬಹುದು, ಆಗ ಮಾರ್ಚ್ 31ರಂದು ಅದು ಖರ್ಚಲ್ಲ, ಮುಂಗಡದ ಖಾತೆಯಲ್ಲೇ ಇರಬೇಕು. ವಸ್ತುವನ್ನು ಪಡೆದುಕೊಂಡವರು ಸಹಿ ಮಾಡಿದ ಚೀಟಿ ಇದೆಯೇ?

ಪ್ರಶ್ನೆ ಕೇಳಿದವರು: ಉಗ್ರಾಣದವರನ್ನು ವಿಚಾರಿಸಿದ್ದೇನೆ, ಚೀಟಿ ಇನ್ನೂ ಸಿಕ್ಕಿಲ್ಲ.