ಸಹಾಯ ಬೇಕು: ಗ್ರಾಫ್ ನೋಡಿ ಲಿಮಿಟ್ ಹೇಳುವುದು

ಎಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿ ಮೊದಲ ಪಿಯುಸಿ ಓದುತ್ತಿದ್ದೇನೆ. ಒಂದು ಗ್ರಾಫಿನಲ್ಲಿ x = 2 ಹತ್ತಿರ ಗೆರೆ ಎಡದಿಂದಲೂ ಬಲದಿಂದಲೂ 3ರ ಎತ್ತರಕ್ಕೇ ಬರುತ್ತದೆ. ಅಲ್ಲಿರುವುದು ಖಾಲಿ ಸುತ್ತು. ತುಂಬಿದ ಚುಕ್ಕೆ ಕೆಳಗೆ, 1ರಲ್ಲಿದೆ. ಮೊದಲು ಲಿಮಿಟ್ 1 ಅಂತ ಬರೆದು ತಪ್ಪಾಯಿತು. ಗೆರೆಯ ಮೇಲೆ ಎರಡೂ ಕಡೆಯಿಂದ ಬೆರಳು ಜರುಗಿಸಿದಾಗ ಗೊತ್ತಾಯಿತು, ಲಿಮಿಟ್ 3. ಚುಕ್ಕೆ ಹೇಳುವುದು f(2) = 1 ಅಂತ ಅಷ್ಟೇ, ಅಲ್ವಾ?

x = 4ರಲ್ಲಿ ಎಡಗೆರೆ 5ರ ತುಂಬಿದ ಚುಕ್ಕೆಗೆ ಮುಟ್ಟುತ್ತದೆ. ಬಲಗೆರೆ 2ರ ಖಾಲಿ ಸುತ್ತಿಗೆ ಬರುತ್ತದೆ. ಎಡ ಲಿಮಿಟ್ 5, ಬಲ ಲಿಮಿಟ್ 2, ಹಾಗಾಗಿ ಲಿಮಿಟ್ ಇಲ್ಲ ಅಂತ ಬರೆದೆ. ಆದರೆ f(4) = 5 ಇದೆಯಲ್ಲ, ಲಿಮಿಟೂ 5 ಅನ್ನುತ್ತಾಳೆ ನನ್ನ ಗೆಳತಿ. ಖಾಲಿ ಸುತ್ತನ್ನು ಅವಳು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅವಳಿಗೆ ಹೇಗೆ ತಿಳಿಸಲಿ? ದಯವಿಟ್ಟು ಹೇಳಿ.